ಬಾಕಿ ಕಡತಗಳ ವಿಲೇವಾರಿಯಲ್ಲಿ ಮೂಲ ದಾಖಲೆಯೂ ಅವಲಂಬಿತ ದಾಖಲೆಯೂ: ವಾರಸಾ ಪ್ರಕರಣಗಳ ಅನುಕ್ರಮ ಕುರಿತು ಅಧ್ಯಯನ ಲೇಖನ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು, ಲೆಕ್ಕ ಸಹಾಯಕರು ಹಾಗೂ ಗಣಕಯಂತ್ರ ನಿರ್ವಾಹಕರ ಅಭ್ಯಾಸಕ್ಕಾಗಿ)

1. ಪೀಠಿಕೆ

ಗ್ರಾಮ ಪಂಚಾಯಿತಿಗೆ ಬರುವ ಅರ್ಜಿಗಳನ್ನು ಸ್ವೀಕೃತಿಯ ದಿನಾಂಕದಂತೆ ವಿಲೇವಾರಿ ಮಾಡುವುದು ಕಚೇರಿಯ ಸಾಮಾನ್ಯ ನಡವಳಿಕೆ. ಮೊದಲು ಬಂದವರಿಗೆ ಮೊದಲು ಎಂಬ ಈ ಕ್ರಮ ನ್ಯಾಯವಾದದ್ದೇ ಆಗಿದೆ. ಆದರೆ ಒಂದು ಅರ್ಜಿಯ ಇತ್ಯರ್ಥವು ಮತ್ತೊಂದು ಅರ್ಜಿಯ ಇತ್ಯರ್ಥವನ್ನು ಅವಲಂಬಿಸಿರುವಾಗ ದಿನಾಂಕದ ಕ್ರಮವೊಂದೇ ಸಾಲದು. ತಂದೆಯ ಹೆಸರು ಖಾತೆಯಲ್ಲಿ ಇನ್ನೂ ಏರದಿರುವಾಗ ಮಗನ ವಾರಸಾ ಅರ್ಜಿಯನ್ನು ಕೈಗೆತ್ತಿಕೊಂಡರೆ ಬದಲಾಯಿಸಬೇಕಾದ ಹೆಸರೇ ದಾಖಲೆಯಲ್ಲಿ ಸಿಗುವುದಿಲ್ಲ. ಇಂಥ ಜೋಡಿಯಲ್ಲಿ ಮೊದಲು ಮುಗಿಯಬೇಕಾದುದನ್ನು ಈ ಲೇಖನದಲ್ಲಿ ‘ಮೂಲ ದಾಖಲೆ’ ಎಂದೂ, ಅದಕ್ಕಾಗಿ ಕಾಯಬೇಕಾದುದನ್ನು ‘ಅವಲಂಬಿತ ದಾಖಲೆ’ ಎಂದೂ ಕರೆಯಲಾಗಿದೆ.

ಚಿಕ್ಕೋಡಿ ಭಾಗದಲ್ಲಿ ಈ ಪ್ರಶ್ನೆ ಮೇಲಿಂದ ಮೇಲೆ ಎದುರಾಗುತ್ತದೆ. ಗಾವಠಾಣದ ಮನೆಗಳ ಉತಾರಗಳು ಎರಡು ಮೂರು ತಲೆಮಾರುಗಳ ಹಿಂದಿನ ಹಿರಿಯರ ಹೆಸರಿನಲ್ಲಿಯೇ ಉಳಿದಿರುವುದು ವಿರಳವಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೆರೆಯಂಥ ಸಂದರ್ಭ ಬಂದಾಗ, ಮನೆ ಯಾರದು ಎಂಬ ಪ್ರಶ್ನೆ ಒಮ್ಮೆಗೇ ಹಲವು ಕುಟುಂಬಗಳ ಮುಂದೆ ನಿಲ್ಲುತ್ತದೆ. ಆಗ ಕುಟುಂಬದವರು ತಮಗೆ ತುರ್ತಾಗಿ ಬೇಕಾದ ಕೊನೆಯ ಕಾಗದಕ್ಕೆ ಮೊದಲು ಅರ್ಜಿ ಕೊಡುತ್ತಾರೆ. ಅದಕ್ಕೆ ಅಡಿಪಾಯವಾದ ಮೊದಲ ಕಾಗದದ ಅರ್ಜಿ ಕೊನೆಗೆ ಬರುತ್ತದೆ. ಹೀಗಾಗಿ ಸ್ವೀಕೃತಿಯ ಕ್ರಮ ಹಾಗೂ ವಿಲೇವಾರಿಯ ಕ್ರಮ ಒಂದಕ್ಕೊಂದು ತಿರುಗುಮುರುಗಾಗಿರುತ್ತವೆ.

ಈ ಲೇಖನವು ಒಂದೇ ಮನೆಯ ಏಳು ಬಾಕಿ ವಿಷಯಗಳನ್ನು ಉದಾಹರಣೆಯಾಗಿಟ್ಟುಕೊಂಡು ಸರಿಯಾದ ಅನುಕ್ರಮವನ್ನು ಕಂಡುಕೊಳ್ಳುವ ವಿಧಾನವನ್ನು ವಿವರಿಸುತ್ತದೆ. ಉದಾಹರಣೆಯು ಅಭ್ಯಾಸಕ್ಕಾಗಿ ರಚಿಸಿದುದಾಗಿದ್ದು, ಯಾವುದೇ ನಿಜ ಕುಟುಂಬಕ್ಕೆ ಸಂಬಂಧಿಸಿದ್ದಲ್ಲ.

2. ಉದಾಹರಣೆಯ ವಿವರ

ಕಾಗವಾಡ ತಾಲ್ಲೂಕಿನ ಒಂದು ಗ್ರಾಮದ ಗಾವಠಾಣದಲ್ಲಿ 1,440 ಚದರ ಅಡಿಯ ಒಂದು ಜಾಗವಿದೆ. ಅದು ಅಜ್ಜನ ಸ್ವಯಾರ್ಜಿತ ಆಸ್ತಿ. ಉತಾರದಲ್ಲಿ ಇಂದಿಗೂ ಅಜ್ಜನ ಹೆಸರೇ ಇದೆ. ಅಜ್ಜ 2003ರಲ್ಲಿ ತೀರಿಕೊಂಡರು. ಆಗ ಅಜ್ಜಿ, ಒಬ್ಬ ಮಗ, ಒಬ್ಬ ಮಗಳು ಇದ್ದರು. ಮಗ 2011ರಲ್ಲಿ ಮಿರಜದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡನು. ಅವನಿಗೆ ಹೆಂಡತಿ, ಅಂದರೆ ಈ ಮನೆಯ ಸೊಸೆ, ಮತ್ತು ಒಬ್ಬ ಮಗ, ಒಬ್ಬ ಮಗಳು ಇದ್ದಾರೆ. ಇವರು ಅಜ್ಜನಿಗೆ ಮೊಮ್ಮಗ ಹಾಗೂ ಮೊಮ್ಮಗಳು. ಅಜ್ಜಿ 2016ರಲ್ಲಿ ತೀರಿಕೊಂಡರು. ಯಾರೂ ಮೃತ್ಯುಪತ್ರ ಬರೆದಿಲ್ಲ. ಕುಟುಂಬಕ್ಕೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಅನ್ವಯಿಸುತ್ತದೆ.

ಮೊಮ್ಮಗನು ತನ್ನ ಪಾಲಿಗೆ ಬರುವ ಜಾಗದಲ್ಲಿ ಮನೆ ಕಟ್ಟಲು ಬಯಸುತ್ತಾನೆ. ಪಂಚಾಯಿತಿಯ ಬಾಕಿ ವಹಿಯಲ್ಲಿ ಈ ಕುಟುಂಬದ ವಿಷಯಗಳು ಬಂದ ಕ್ರಮದಲ್ಲಿ ಹೀಗೆ ದಾಖಲಾಗಿವೆ:

ಕ-1: ಮೊಮ್ಮಗನ ಕಟ್ಟಡ ಪರವಾನಿಗೆ
ಕ-2: ವಾಟ್ನಿಯಂತೆ ಖಾತೆ ವಿಭಜನೆ
ಕ-3: ಮಗನ ಮರಣದ ವಾರಸಾ
ಕ-4: ಅಜ್ಜಿಯ ಮರಣದ ವಾರಸಾ
ಕ-5: ಅಜ್ಜನ ಮರಣದ ವಾರಸಾ
ಕ-6: ಮಗನ ಮರಣ ಪ್ರಮಾಣಪತ್ರ (ಹೊರಗಿನಿಂದ ಬರಬೇಕಾದುದು)
ಕ-7: ವಾಟ್ನಿಪತ್ರದ ನೋಂದಣಿ (ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಆಗಬೇಕಾದುದು)

ಕೊನೆಯ ಎರಡು ವಿಷಯಗಳು ಪಂಚಾಯಿತಿಯ ಕೈಯಲ್ಲಿಲ್ಲ. ಆದರೂ ಅವುಗಳನ್ನು ವಹಿಯಲ್ಲಿ ಪ್ರತ್ಯೇಕ ಸಾಲಾಗಿ ಬರೆಯಬೇಕು. ಹೊರಗಿನ ಕಾಗದಕ್ಕಾಗಿ ಕಾಯುತ್ತಿರುವ ಕಡತವು, ಆ ಕಾಗದಕ್ಕೆ ವಹಿಯಲ್ಲಿ ಸಾಲು ಇಲ್ಲದಿದ್ದರೆ, ಏಕೆ ನಿಂತಿದೆ ಎಂಬುದು ಮುಂದೆ ಬರುವ ಸಿಬ್ಬಂದಿಗೆ ತಿಳಿಯುವುದಿಲ್ಲ.

3. ಕ್ರಮ ತಪ್ಪಿದರೆ ಆಗುವುದೇನು

ಯಾವ ವಾರಸಾವನ್ನು ಮೊದಲು ದಾಖಲಿಸಿದರೂ ಕೊನೆಗೆ ಉಳಿಯುವುದು ಅದೇ ನಾಲ್ಕು ಜನರ ಹೆಸರಲ್ಲವೇ ಎಂಬ ಪ್ರಶ್ನೆ ಸಹಜ. ಮೇಲಿನ ಉದಾಹರಣೆಯಲ್ಲಿ ಉಳಿಯುವವರು ಮಗಳು, ಸೊಸೆ, ಮೊಮ್ಮಗ, ಮೊಮ್ಮಗಳು. ಹೆಸರುಗಳ ಪಟ್ಟಿ ಬದಲಾಗದು. ಬದಲಾಗುವುದು ಅವರ ಹಿಸ್ಸೆ.

ಮರಣಗಳು ನಡೆದ ಕ್ರಮದಲ್ಲಿಯೇ ಲೆಕ್ಕ ಮಾಡಿದರೆ ಹೀಗಾಗುತ್ತದೆ. 2003ರಲ್ಲಿ ಅಜ್ಜನ ಜಾಗ ಅಜ್ಜಿ, ಮಗ, ಮಗಳು ಈ ಮೂವರಿಗೆ ಸಮನಾಗಿ, ತಲಾ 480 ಚದರ ಅಡಿಯಂತೆ ಬರುತ್ತದೆ. 2011ರಲ್ಲಿ ಮಗನ 480 ಚದರ ಅಡಿಗೆ ನಾಲ್ವರು ವಾರಸುದಾರರು: ಅವನ ಹೆಂಡತಿ, ಇಬ್ಬರು ಮಕ್ಕಳು ಹಾಗೂ ಆಗ ಬದುಕಿದ್ದ ಅವನ ತಾಯಿ. ಹಿಂದೂ ಪುರುಷನ ಮೊದಲ ವರ್ಗದ ವಾರಸುದಾರರಲ್ಲಿ ತಾಯಿಯೂ ಸೇರುತ್ತಾಳೆ ಎಂಬುದನ್ನು ವಾರಸಾ ವರದಿಗಳಲ್ಲಿ ಮರೆಯುವುದುಂಟು. ಪ್ರತಿಯೊಬ್ಬರಿಗೂ 120 ಚದರ ಅಡಿ ಬರುತ್ತದೆ. ಅಜ್ಜಿಯ ಒಟ್ಟು ಹಿಸ್ಸೆ 600 ಚದರ ಅಡಿ ಆಗುತ್ತದೆ. 2016ರಲ್ಲಿ ಅಜ್ಜಿಯ 600 ಚದರ ಅಡಿಯಲ್ಲಿ ಅರ್ಧ ಮಗಳಿಗೂ, ಉಳಿದರ್ಧ ಮೊದಲೇ ತೀರಿಕೊಂಡ ಮಗನ ಇಬ್ಬರು ಮಕ್ಕಳಿಗೂ ಸೇರುತ್ತದೆ. ಸೊಸೆ ಅತ್ತೆಯ ವಾರಸುದಾರಳಲ್ಲ. ಅಂತಿಮವಾಗಿ ಮಗಳಿಗೆ 780, ಸೊಸೆಗೆ 120, ಮೊಮ್ಮಗ ಮತ್ತು ಮೊಮ್ಮಗಳಿಗೆ ತಲಾ 270 ಚದರ ಅಡಿ. ಒಟ್ಟು 1,440.

ಈಗ ಮಗನ ವಾರಸಾವನ್ನು ಅಜ್ಜನ ವಾರಸಾಕ್ಕಿಂತ ಮೊದಲು ನಡೆಸಿದರೆಂದುಕೊಳ್ಳೋಣ. ಮಗನ ಹೆಸರು ಉತಾರದಲ್ಲಿಯೇ ಇಲ್ಲವಾದ್ದರಿಂದ ಅವನು ಅಜ್ಜನಿಗಿಂತ ಮೊದಲೇ ತೀರಿಕೊಂಡವನೆಂಬಂತೆ ಕಡತ ಸಾಗುತ್ತದೆ. ಆಗ ಅಜ್ಜನ ಆಸ್ತಿಯಲ್ಲಿ ಮಗನ ಮೂರನೇ ಒಂದು ಭಾಗ ನೇರವಾಗಿ ಅವನ ಹೆಂಡತಿ ಮಕ್ಕಳಿಗೆ ತಲಾ 160 ಚದರ ಅಡಿಯಂತೆ ಹೋಗುತ್ತದೆ. ಅಜ್ಜಿಗೆ ಮಗನಿಂದ ಬರಬೇಕಾದ 120 ಬರುವುದೇ ಇಲ್ಲ. ಕೊನೆಯಲ್ಲಿ ಮಗಳಿಗೆ 720, ಸೊಸೆಗೆ 160, ಮೊಮ್ಮಕ್ಕಳಿಗೆ ತಲಾ 280 ಚದರ ಅಡಿ ಆಗುತ್ತದೆ. ಒಟ್ಟು ಇಲ್ಲಿಯೂ 1,440 ಆಗುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಮಗಳು 60 ಚದರ ಅಡಿ ಕಳೆದುಕೊಂಡಿದ್ದಾಳೆ.

ಮೂರನೆಯ ಬಗೆಯೂ ಒಂದಿದೆ. ಅಜ್ಜನ ವಾರಸಾವನ್ನು ಸರಿಯಾಗಿ ದಾಖಲಿಸಿ, ಅನಂತರ ಮಗನದನ್ನು ಬಿಟ್ಟು ಅಜ್ಜಿಯ ವಾರಸಾವನ್ನು ನಡೆಸಿದರೆ, ದಾಖಲೆಯ ದೃಷ್ಟಿಯಲ್ಲಿ ಮಗ ಇನ್ನೂ ಜೀವಂತನಾಗಿರುತ್ತಾನೆ. ಅಜ್ಜಿಯ 480ರಲ್ಲಿ 240 ಚದರ ಅಡಿ ಮೃತನಾದ ಮಗನ ಹೆಸರಿಗೆ ಏರುತ್ತದೆ. ಬಳಿಕ ಅವನ ವಾರಸಾ ನಡೆಸಿದಾಗ 720 ಚದರ ಅಡಿ ಸೊಸೆ ಹಾಗೂ ಇಬ್ಬರು ಮಕ್ಕಳಿಗೆ ತಲಾ 240ರಂತೆ ಹಂಚಿಹೋಗುತ್ತದೆ. ಸೊಸೆಗೆ ಸಲ್ಲಬೇಕಾದುದಕ್ಕಿಂತ ಎರಡು ಪಟ್ಟು ಬಂದು, ಮೊಮ್ಮಕ್ಕಳಿಗೆ ತಲಾ 30, ಮಗಳಿಗೆ 60 ಚದರ ಅಡಿ ಕಡಿಮೆಯಾಗುತ್ತದೆ.

ಮೂರು ಕ್ರಮಗಳಿಗೆ ಮೂರು ಫಲ. ಪ್ರತಿ ಹಂತದ ಗುಣಾಕಾರ ಭಾಗಾಕಾರ ಸರಿಯಾಗಿಯೇ ಇದ್ದು, ಕೇವಲ ಅನುಕ್ರಮ ತಪ್ಪಿದುದರಿಂದ ಇದು ಆಗಿದೆ. ಉತಾರದಲ್ಲಿ ಹಿಸ್ಸೆ ಬರೆಯದೆ ಹೆಸರುಗಳನ್ನಷ್ಟೇ ಜಂಟಿಯಾಗಿ ನಮೂದಿಸಿದ್ದರೂ ತಪ್ಪು ಅಲ್ಲಿಗೆ ಮುಗಿಯುವುದಿಲ್ಲ. ವಾಟ್ನಿ ಬರೆಯುವಾಗ ಕುಟುಂಬದವರು ಅದೇ ವಾರಸಾ ಆದೇಶಗಳನ್ನು ಆಧಾರವಾಗಿ ಮುಂದಿಡುತ್ತಾರೆ.

4. ಅನುಕ್ರಮವನ್ನು ಕಂಡುಕೊಳ್ಳುವ ವಿಧಾನ

ಅವಲಂಬನೆಯುಳ್ಳ ಕೆಲಸಗಳನ್ನು ಕ್ರಮಕ್ಕೆ ಜೋಡಿಸುವ ಒಂದು ಸರಳ ವಿಧಾನವನ್ನು ಆರ್ಥರ್ ಕಾನ್ ಎಂಬವರು 1962ರಲ್ಲಿ ಪ್ರಕಟಿಸಿದರು. ದೊಡ್ಡ ಯೋಜನೆಗಳ ಸಾವಿರಾರು ಕೆಲಸಗಳನ್ನು ಗಣಕಯಂತ್ರದಿಂದ ಜೋಡಿಸಲು ರೂಪಿಸಿದ ಆ ವಿಧಾನವನ್ನು ಪಂಚಾಯಿತಿಯ ಬಾಕಿ ವಹಿಗೆ ಕಾಗದ ಪೆನ್ನಿನಿಂದಲೇ ಅನ್ವಯಿಸಬಹುದು. ಅದರಲ್ಲಿರುವ ಹಂತಗಳು ಮೂರು.

ಮೊದಲನೆಯದಾಗಿ, ಪ್ರತಿಯೊಂದು ವಿಷಯದ ಮುಂದೆ ಅದು ಯಾವುದಕ್ಕಾಗಿ ಕಾಯಬೇಕು ಎಂಬುದನ್ನು ಬರೆಯುವುದು. ಇಲ್ಲಿ ನೇರವಾದ ಮೂಲ ದಾಖಲೆಯನ್ನು ಮಾತ್ರ ಬರೆದರೆ ಸಾಕು. ಕಟ್ಟಡ ಪರವಾನಿಗೆ ಅಂತಿಮವಾಗಿ ಅಜ್ಜನ ವಾರಸಾವನ್ನು ಅವಲಂಬಿಸಿದೆಯಾದರೂ, ಅದರ ಮುಂದೆ ಖಾತೆ ವಿಭಜನೆಯನ್ನಷ್ಟೇ ಬರೆಯಬೇಕು. ಉಳಿದುದು ಸರಪಳಿಯಿಂದ ತಾನಾಗಿಯೇ ಬರುತ್ತದೆ. ಹೀಗೆ ಬರೆದಾಗ ಕ-1 ಎಂಬುದು ಕ-2ಕ್ಕಾಗಿ, ಕ-2 ಎಂಬುದು ಕ-7ಕ್ಕಾಗಿ, ಕ-7 ಎಂಬುದು ಕ-4ಕ್ಕಾಗಿ, ಕ-4 ಎಂಬುದು ಕ-3ಕ್ಕಾಗಿ ಕಾಯುತ್ತದೆ. ಕ-3ಕ್ಕೆ ಮಾತ್ರ ಎರಡು ಮೂಲಗಳಿವೆ: ಅಜ್ಜನ ವಾರಸಾ ಆದ ಕ-5 ಮತ್ತು ಮರಣ ಪ್ರಮಾಣಪತ್ರವಾದ ಕ-6. ಕ-5 ಹಾಗೂ ಕ-6 ಯಾವುದಕ್ಕೂ ಕಾಯಬೇಕಾಗಿಲ್ಲ.

ಎರಡನೆಯದಾಗಿ, ಮುಗಿಯದ ಮೂಲಗಳ ಎಣಿಕೆಯನ್ನು ಬರೆಯುವುದು. ಕ-5 ಮತ್ತು ಕ-6ರ ಎಣಿಕೆ ಸೊನ್ನೆ; ಕ-3ರ ಎಣಿಕೆ 2; ಉಳಿದವುಗಳದು ತಲಾ 1. ಎಣಿಕೆ ಸೊನ್ನೆಯಾಗಿರುವ ವಿಷಯಗಳು ಮಾತ್ರ ‘ಸಿದ್ಧ’, ಉಳಿದವು ‘ಕಾಯುತ್ತಿರುವುವು’.

ಮೂರನೆಯದಾಗಿ, ಸಿದ್ಧವಿರುವ ಒಂದನ್ನು ಮುಗಿಸಿ, ಅದಕ್ಕಾಗಿ ಕಾಯುತ್ತಿದ್ದ ಪ್ರತಿಯೊಂದರ ಎಣಿಕೆಯಲ್ಲಿ ಒಂದನ್ನು ಕಳೆಯುವುದು. ಎಣಿಕೆ ಸೊನ್ನೆಗೆ ಇಳಿದುದು ಸಿದ್ಧವಾದವುಗಳ ಸಾಲಿಗೆ ಸೇರುತ್ತದೆ. ಕ-5 ಮುಗಿದಾಗ ಕ-3ರ ಎಣಿಕೆ 2ರಿಂದ 1ಕ್ಕೆ ಇಳಿಯುತ್ತದೆ, ಆದರೆ ಅದು ಇನ್ನೂ ಸಿದ್ಧವಲ್ಲ. ಮಿರಜದಿಂದ ಪ್ರಮಾಣಪತ್ರ ಬಂದು ಕ-6 ಮುಗಿದಾಗ ಸೊನ್ನೆಯಾಗುತ್ತದೆ. ಮುಂದೆ ಕ-3, ಕ-4, ಕ-7, ಕ-2, ಕ-1 ಒಂದರ ಹಿಂದೆ ಒಂದು ಬಿಡುಗಡೆಯಾಗುತ್ತವೆ. ಮೊದಲು ಬಂದ ಕಟ್ಟಡ ಪರವಾನಿಗೆ ಕೊನೆಗೆ ಮುಗಿಯುತ್ತದೆ.

ಸ್ವೀಕೃತಿಯ ದಿನಾಂಕದ ನಿಯಮ ಇದರಿಂದ ರದ್ದಾಗುವುದಿಲ್ಲ. ಸಿದ್ಧವಾಗಿರುವ ವಿಷಯಗಳ ನಡುವೆ ಅದೇ ನಿಯಮ ಮುಂದುವರಿಯುತ್ತದೆ. ಹತ್ತು ಕುಟುಂಬಗಳ ಕಡತಗಳಿದ್ದು ಒಂದು ಕುಟುಂಬದ ಕಡತ ಹೊರಗಿನ ಕಾಗದಕ್ಕಾಗಿ ಕಾಯುತ್ತಿದ್ದರೆ, ಉಳಿದ ಒಂಬತ್ತು ಕುಟುಂಬಗಳ ಸಿದ್ಧ ಕಡತಗಳು ಅದರ ಹಿಂದೆ ನಿಲ್ಲಬೇಕಾಗಿಲ್ಲ. ಸಾಲಿನ ತಲೆಯಲ್ಲಿರುವ ಒಂದು ಕಡತ ನಿಂತಿತೆಂದು ಸಾಲನ್ನೇ ನಿಲ್ಲಿಸುವುದು ಅವಲಂಬನೆಯನ್ನು ತಪ್ಪಾಗಿ ಅರ್ಥೈಸಿದಂತೆ.

5. ಬಾಕಿ ವಹಿಯನ್ನು ಗಣಕಯಂತ್ರದಲ್ಲಿ ಇಡುವುದು

ಬಾಕಿ ವಿಷಯಗಳು ನೂರಾರು ಇದ್ದಾಗ ಎಣಿಕೆಯನ್ನು ಕೈಯಿಂದ ಇಳಿಸುತ್ತ ಹೋಗುವುದು ಕಷ್ಟ. ಸಾಮಾನ್ಯ ಸ್ಪ್ರೆಡ್‌ಶೀಟಿನಲ್ಲಿ ಐದು ಕಾಲಂಗಳಿದ್ದರೆ ಈ ಕೆಲಸ ತಾನಾಗಿಯೇ ಆಗುತ್ತದೆ. A ಕಾಲಂನಲ್ಲಿ ವಿಷಯದ ಸಂಖ್ಯೆ, B ಮತ್ತು C ಕಾಲಂಗಳಲ್ಲಿ ಮೂಲ ದಾಖಲೆಗಳ ಸಂಖ್ಯೆ, D ಕಾಲಂನಲ್ಲಿ ಸ್ಥಿತಿ ಇರಲಿ. ವಿಷಯ ಮುಗಿದಾಗ D ಕಾಲಂನಲ್ಲಿ ‘ಮುಗಿದಿದೆ’ ಎಂದು ಬರೆಯಬೇಕು. E2 ಕೋಶದಲ್ಲಿ ಈ ಸೂತ್ರವನ್ನು ಬರೆದು ಕೆಳಗಿನ ಸಾಲುಗಳಿಗೆ ಎಳೆಯಬೇಕು:

```
=IF(D2="ಮುಗಿದಿದೆ","",IF(AND(OR(B2="",COUNTIFS(A:A,B2,D:D,"ಮುಗಿದಿದೆ")>0),OR(C2="",COUNTIFS(A:A,C2,D:D,"ಮುಗಿದಿದೆ")>0)),"ಸಿದ್ಧ","ಕಾಯಿ"))
```

ಈ ಸೂತ್ರವು ಪ್ರತಿ ಸಾಲಿನ ಮೂಲ ದಾಖಲೆಯನ್ನು A ಕಾಲಂನಲ್ಲಿ ಹುಡುಕಿ, ಅದರ ಸ್ಥಿತಿ ಮುಗಿದಿದ್ದರೆ ‘ಸಿದ್ಧ’ ಎಂದೂ ಇಲ್ಲದಿದ್ದರೆ ‘ಕಾಯಿ’ ಎಂದೂ ತೋರಿಸುತ್ತದೆ. ಗಣಕಯಂತ್ರ ನಿರ್ವಾಹಕರು ಬೆಳಿಗ್ಗೆ ‘ಸಿದ್ಧ’ ಎಂಬ ಸಾಲುಗಳನ್ನಷ್ಟೇ ಸೋಸಿ, ಸ್ವೀಕೃತಿಯ ದಿನಾಂಕದಂತೆ ಜೋಡಿಸಿಕೊಂಡರೆ ಅಂದಿನ ಕೆಲಸದ ಪಟ್ಟಿ ದೊರೆಯುತ್ತದೆ.

ಈ ಸೂತ್ರಕ್ಕೆ ಒಂದು ಮಿತಿಯಿದೆ. ಮೂಲ ದಾಖಲೆಯ ಸಂಖ್ಯೆಯನ್ನು ತಪ್ಪಾಗಿ ಬರೆದಿದ್ದರೆ, ಅಥವಾ ಆ ಸಾಲು ವಹಿಯಲ್ಲಿಯೇ ಇಲ್ಲದಿದ್ದರೆ, ಅವಲಂಬಿತ ವಿಷಯವು ಎಂದೆಂದಿಗೂ ‘ಕಾಯಿ’ ಎಂದೇ ತೋರಿಸುತ್ತಿರುತ್ತದೆ. ಆದುದರಿಂದ F2 ಕೋಶದಲ್ಲಿ ಇನ್ನೊಂದು ಪರೀಕ್ಷೆ ಅಗತ್ಯ:

```
=IF(OR(AND(B2<>"",COUNTIF(A:A,B2)=0),AND(C2<>"",COUNTIF(A:A,C2)=0)),"ಮೂಲ ಇಲ್ಲ","")
```

‘ಮೂಲ ಇಲ್ಲ’ ಎಂದು ಬಂದ ಸಾಲನ್ನು ಅದೇ ದಿನ ಪರಿಶೀಲಿಸಬೇಕು. ಅಂಥ ಕಡತವು ಕಾಯುತ್ತಿರುವುದು ಬರಲಾರದ ಕಾಗದಕ್ಕಾಗಿ.

6. ‘ಮುಗಿದಿದೆ’ ಎಂಬುದರ ಅರ್ಥ

ಅನುಕ್ರಮ ಸರಿಯಿದ್ದರೂ ತಪ್ಪಾಗುವ ಒಂದು ಸಂದರ್ಭವಿದೆ. ಮೂಲ ವಿಷಯವನ್ನು ಅವಸರದಲ್ಲಿ ‘ಮುಗಿದಿದೆ’ ಎಂದು ಗುರುತಿಸುವುದೇ ಆ ಸಂದರ್ಭ. ವಾರಸಾ ಪ್ರಕರಣದಲ್ಲಿ ಅರ್ಜಿಯನ್ನು ಗಣಕಯಂತ್ರಕ್ಕೆ ಏರಿಸಿದುದು, ನೋಟಿಸು ಹೊರಡಿಸಿದುದು, ಸ್ಥಳ ಪರಿಶೀಲನೆ ನಡೆದುದು ಇವೆಲ್ಲ ನಡುವಿನ ಹಂತಗಳು. ನಿಗದಿತ ಆಕ್ಷೇಪಣೆಯ ಅವಧಿ ಕಳೆದು, ಆದೇಶವಾಗಿ, ಇ-ಸ್ವತ್ತು ತಂತ್ರಾಂಶದಲ್ಲಿ ಅಭಿವೃದ್ಧಿ ಅಧಿಕಾರಿಗಳ ಡಿಜಿಟಲ್ ಸಹಿಯೊಂದಿಗೆ ಹೊಸ ಹೆಸರುಗಳು ಉತಾರದಲ್ಲಿ ಮೂಡಿದಾಗ ಮಾತ್ರ ಅದು ಮುಗಿದಂತೆ. ಅದಕ್ಕೂ ಮೊದಲು ಮುಂದಿನ ಕಡತವನ್ನು ಬಿಡುಗಡೆ ಮಾಡಿದರೆ, ನಡುವೆ ಆಕ್ಷೇಪಣೆ ಬಂದು ಮೂಲ ಪ್ರಕರಣವು ನಿಂತಾಗ ಅವಲಂಬಿತ ಪ್ರಕರಣವು ನೆಲೆಯಿಲ್ಲದಂತಾಗುತ್ತದೆ.

ಇದೇ ಕಾರಣಕ್ಕೆ ಕಾಯುವುದಕ್ಕೂ ತಿರಸ್ಕರಿಸುವುದಕ್ಕೂ ಇರುವ ವ್ಯತ್ಯಾಸವನ್ನು ವಹಿಯಲ್ಲಿ ಸ್ಪಷ್ಟವಾಗಿ ತೋರಿಸಬೇಕು. ಮೂಲ ದಾಖಲೆ ಇನ್ನೂ ಆಗಿಲ್ಲವೆಂಬ ಕಾರಣಕ್ಕೆ ಅವಲಂಬಿತ ಅರ್ಜಿಯನ್ನು ತಿರಸ್ಕರಿಸಿದರೆ ಅರ್ಜಿದಾರರು ಮತ್ತೆ ಅರ್ಜಿ ಕೊಡಬೇಕಾಗಿ ತಮ್ಮ ಸ್ವೀಕೃತಿಯ ದಿನಾಂಕವನ್ನು ಕಳೆದುಕೊಳ್ಳುತ್ತಾರೆ. ಕಾರಣ ತಿಳಿಸದೆ ಇಟ್ಟುಕೊಂಡರೆ ನಿಗದಿತ ಅವಧಿ ಮೀರುತ್ತದೆ. ಯಾವ ವಿಷಯಕ್ಕಾಗಿ ಕಾಯಲಾಗುತ್ತಿದೆ, ಅದು ಯಾರಿಂದ ಬರಬೇಕು ಎಂಬುದನ್ನು ಲಿಖಿತವಾಗಿ ತಿಳಿಸಿ, ಆ ಹಿಂಬರಹದ ದಿನಾಂಕವನ್ನು ವಹಿಯಲ್ಲಿ ನಮೂದಿಸುವುದು ಇವೆರಡರ ನಡುವಿನ ಸರಿಯಾದ ದಾರಿ. ಮೂಲ ಪ್ರಕರಣವೇ ತಿರಸ್ಕೃತವಾದರೆ, ಅಥವಾ ಮೇಲ್ಮನವಿಯಲ್ಲಿ ರದ್ದಾದರೆ, ಅದರಿಂದ ಬಿಡುಗಡೆಯಾದ ಪ್ರತಿಯೊಂದು ಅವಲಂಬಿತ ವಿಷಯವನ್ನೂ ಸರಪಳಿಯ ಉದ್ದಕ್ಕೂ ಮತ್ತೆ ನೋಡಬೇಕಾಗುತ್ತದೆ. B ಮತ್ತು C ಕಾಲಂಗಳು ಆಗ ಹಿಂದಿನಿಂದ ಮುಂದಕ್ಕೆ ದಾರಿ ತೋರಿಸುತ್ತವೆ.

7. ಗಡಿಭಾಗದ ವಿಶೇಷ ತೊಡಕುಗಳು

ಮರಣವು ನಡೆದ ಸ್ಥಳದಲ್ಲಿಯೇ ನೋಂದಣಿಯಾಗಬೇಕೆಂಬುದು 1969ರ ಜನನ ಮರಣ ನೋಂದಣಿ ಅಧಿನಿಯಮದ ನಿಯಮ. ಅಥಣಿ, ಕಾಗವಾಡ ಕಡೆಯವರು ಚಿಕಿತ್ಸೆಗಾಗಿ ಮಿರಜ, ಸಾಂಗಲಿಗೂ, ನಿಪ್ಪಾಣಿ ಕಡೆಯವರು ಕೊಲ್ಹಾಪುರಕ್ಕೂ ಹೋಗುವುದು ವಾಡಿಕೆ. ಅಲ್ಲಿ ಮರಣ ಹೊಂದಿದವರ ನೋಂದಣಿ ಮಹಾರಾಷ್ಟ್ರದಲ್ಲಿಯೇ ಆಗುತ್ತದೆ. ಕುಟುಂಬದವರು ಊರಿನ ಕಚೇರಿಯಲ್ಲಿ ಪ್ರಮಾಣಪತ್ರಕ್ಕಾಗಿ ಹುಡುಕಿ, ಸಿಗದೆ, ಮರಣವೇ ನೋಂದಣಿಯಾಗಿಲ್ಲವೆಂದು ಭಾವಿಸುವುದುಂಟು. ಒಂದು ವರ್ಷ ಮೀರಿದ ಮರಣದ ನೋಂದಣಿಗೆ ದಂಡಾಧಿಕಾರಿಗಳ ಆದೇಶ ಬೇಕಾಗುವುದರಿಂದ, ಆ ದಾರಿ ಹಿಡಿಯುವ ಮುನ್ನ ಮರಣ ನಡೆದ ಊರಿನ ನೋಂದಣಿ ಕಚೇರಿಯಲ್ಲಿ ವಿಚಾರಿಸುವಂತೆ ತಿಳಿಸಬೇಕು.

ಇಂಥ ಹೊರಗಿನ ಕಾಗದವೇ ಸರಪಳಿಯಲ್ಲಿ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಉದಾಹರಣೆಯಲ್ಲಿ ಕ-6ರ ಹಿಂದೆ ಐದು ವಿಷಯಗಳು ನಿಂತಿವೆ. ಅಜ್ಜನ ವಾರಸಾ ಮುಗಿಯಲೆಂದು ಕಾದು ಅನಂತರ ಪ್ರಮಾಣಪತ್ರ ಕೇಳಿದರೆ ಎರಡೂ ಅವಧಿಗಳು ಕೂಡುತ್ತವೆ. ಕ-5 ಹಾಗೂ ಕ-6 ಪರಸ್ಪರ ಅವಲಂಬಿತವಲ್ಲದ ಕಾರಣ ಎರಡನ್ನೂ ಮೊದಲ ದಿನವೇ ಆರಂಭಿಸಿದರೆ ದೊಡ್ಡ ಅವಧಿಯೊಂದೇ ಉಳಿಯುತ್ತದೆ. ಅರ್ಜಿ ಸ್ವೀಕರಿಸುವಾಗಲೇ ಸರಪಳಿಯನ್ನು ಬರೆದುಕೊಳ್ಳುವುದರ ಪ್ರಯೋಜನ ಇಲ್ಲಿ ಕಾಣುತ್ತದೆ.

ಮತ್ತೊಂದು ತೊಡಕು ಹಳೆಯ ದಾಖಲೆಗಳಿಗೆ ಸಂಬಂಧಿಸಿದೆ. ನಿಪ್ಪಾಣಿ ತಾಲ್ಲೂಕಿನ ಗ್ರಾಮಗಳು ಹಿಂದೆ ಚಿಕ್ಕೋಡಿಯಲ್ಲೂ, ಕಾಗವಾಡ ತಾಲ್ಲೂಕಿನ ಗ್ರಾಮಗಳು ಅಥಣಿಯಲ್ಲೂ ಇದ್ದವು. ಹಳೆಯ ವಂಶಾವಳಿ, ದಸ್ತಾವೇಜುಗಳಲ್ಲಿ ಹಳೆಯ ತಾಲ್ಲೂಕಿನ ಹೆಸರೇ ಇರುತ್ತದೆ. ಹೊಸ ಹೆಸರಿನಿಂದ ಹುಡುಕಿ ಮೂಲ ದಾಖಲೆ ಇಲ್ಲವೆಂದು ತೀರ್ಮಾನಿಸುವ ಮುನ್ನ ಹಳೆಯ ಹೆಸರಿನಿಂದಲೂ ಹುಡುಕಿ ನೋಡಬೇಕು.

ಒಂದೇ ಅವಘಡದಲ್ಲಿ ಇಬ್ಬರು ತೀರಿಕೊಂಡು, ಯಾರು ಮೊದಲು ಎಂಬುದು ತಿಳಿಯದಿದ್ದಾಗ ಮರಣದ ಕ್ರಮವನ್ನು ಹೇಗೆ ನಿರ್ಧರಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಹಿಂದೂ ಉತ್ತರಾಧಿಕಾರ ಅಧಿನಿಯಮದ 21ನೇ ಪ್ರಕರಣ ಇದಕ್ಕೆ ಉತ್ತರ ಕೊಡುತ್ತದೆ: ವ್ಯತಿರಿಕ್ತವಾದುದು ಸಿದ್ಧವಾಗುವವರೆಗೆ ಹಿರಿಯರಿಗಿಂತ ಕಿರಿಯರು ಹೆಚ್ಚು ಕಾಲ ಬದುಕಿದ್ದರೆಂದು ಭಾವಿಸತಕ್ಕದ್ದು. ಅಂದರೆ ಹಿರಿಯರ ವಾರಸಾವೇ ಮೂಲ, ಕಿರಿಯರದು ಅವಲಂಬಿತ.

8. ತಪ್ಪನ್ನು ಗುರುತಿಸುವ ಲಕ್ಷಣಗಳು

ಈಗಾಗಲೇ ವಿಲೇವಾರಿಯಾದ ಕಡತಗಳಲ್ಲಿ ಕ್ರಮ ತಪ್ಪಿರುವುದನ್ನು ಮೂರು ಲಕ್ಷಣಗಳಿಂದ ಗುರುತಿಸಬಹುದು. ಒಂದು, ವಾರಸಾ ಆದೇಶದಿಂದ ಹೊಸದಾಗಿ ಏರಿದ ಹೆಸರಿನವರ ಮರಣದ ದಿನಾಂಕವು ಹಿಂದಿನ ಖಾತೆದಾರರ ಮರಣದ ದಿನಾಂಕಕ್ಕಿಂತ ಮೊದಲಿನದಾಗಿರುವುದು. 2016ರಲ್ಲಿ ತೀರಿಕೊಂಡ ಅಜ್ಜಿಯ ಹಿಸ್ಸೆ 2011ರಲ್ಲಿ ತೀರಿಕೊಂಡ ಮಗನ ಹೆಸರಿಗೆ ಏರಿರುವುದು ಇದಕ್ಕೆ ಉದಾಹರಣೆ. ಎರಡು, ಒಬ್ಬರ ವಾರಸಾ ಮುಗಿದ ಮೇಲೂ ಅವರ ಹೆಸರು ಮತ್ತೊಂದು ಆದೇಶದಿಂದ ಅದೇ ಉತಾರದಲ್ಲಿ ತಿರುಗಿ ಕಾಣಿಸಿಕೊಳ್ಳುವುದು. ಮೂರು, ಮಗನ ವಾರಸಾ ಆದೇಶದಲ್ಲಿ, ಅವನ ಮರಣಕಾಲಕ್ಕೆ ಬದುಕಿದ್ದ ತಾಯಿಯ ಹೆಸರು ಬಿಟ್ಟುಹೋಗಿರುವುದು.

ಬಾಕಿ ವಹಿಯಲ್ಲಿ ಕಾಣುವ ಲಕ್ಷಣ ಬೇರೆ. ಒಂದು ಕುಟುಂಬದ ವಿಷಯಗಳಲ್ಲಿ ‘ಸಿದ್ಧ’ ಎಂಬುದು ಒಂದೂ ಇಲ್ಲದೆ ಎಲ್ಲವೂ ‘ಕಾಯಿ’ ಎಂದಿದ್ದು, ‘ಮೂಲ ಇಲ್ಲ’ ಎಂಬ ಸೂಚನೆಯೂ ಬಾರದಿದ್ದರೆ, ಅವು ಸುತ್ತಿ ಬಳಸಿ ಒಂದಕ್ಕೊಂದು ಕಾಯುತ್ತಿವೆ ಎಂದರ್ಥ. ಖಾತೆ ವಿಭಜನೆಗೆ ನೋಂದಾಯಿತ ವಾಟ್ನಿಪತ್ರ ಬೇಕೆಂದೂ, ವಾಟ್ನಿಪತ್ರದ ನೋಂದಣಿಗೆ ವಿಭಜಿತ ಉತಾರ ಬೇಕೆಂದೂ ಬರೆದುಕೊಂಡರೆ ಇಂಥ ಸುತ್ತು ಉಂಟಾಗುತ್ತದೆ. ಎಷ್ಟು ದಿನ ಕಾದರೂ ಅದು ಬಿಚ್ಚಿಕೊಳ್ಳದು. ಎರಡರಲ್ಲಿ ಒಂದು ಅವಲಂಬನೆ ತಪ್ಪಾಗಿ ಬರೆದದ್ದಾಗಿರುತ್ತದೆ. ಇಲ್ಲಿ ನೋಂದಣಿಗೆ ಬೇಕಾದುದು ಎಲ್ಲ ವಾರಸುದಾರರ ಹೆಸರುಳ್ಳ ಜಂಟಿ ಉತಾರವೇ ಹೊರತು ವಿಭಜಿತ ಉತಾರವಲ್ಲ. ಆ ಒಂದು ನಮೂದನ್ನು ತಿದ್ದಿದೊಡನೆ ಸರಪಳಿ ಮುಂದುವರಿಯುತ್ತದೆ.

9. ಈ ವಿಧಾನದ ಮಿತಿ

ಹಿಸ್ಸೆಯ ಲೆಕ್ಕವು ಸ್ವಯಾರ್ಜಿತ ಆಸ್ತಿಗೆ, ಮೃತ್ಯುಪತ್ರವಿಲ್ಲದ ಪ್ರಕರಣಕ್ಕೆ ಹಾಗೂ ಹಿಂದೂ ಉತ್ತರಾಧಿಕಾರ ಅಧಿನಿಯಮ ಅನ್ವಯಿಸುವ ಕುಟುಂಬಕ್ಕೆ ಸಂಬಂಧಿಸಿದ್ದು. ಪಿತ್ರಾರ್ಜಿತ ಆಸ್ತಿಯಲ್ಲಿ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ 2005ರ ತಿದ್ದುಪಡಿಯಂತೆ ಮಗಳೂ ಮಗನಷ್ಟೇ ಹಕ್ಕುಳ್ಳವಳು. ಮುಸ್ಲಿಂ ಕುಟುಂಬಗಳಿಗೆ ಅವರ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. ಹಿಸ್ಸೆಯ ಬಗ್ಗೆ ವಾರಸುದಾರರಲ್ಲಿ ತಕರಾರು ಇದ್ದಾಗ ಅದನ್ನು ತೀರ್ಮಾನಿಸುವ ಅಧಿಕಾರ ಸಿವಿಲ್ ನ್ಯಾಯಾಲಯದ್ದು, ಪಂಚಾಯಿತಿಯದಲ್ಲ. ಆದರೆ ಲೆಕ್ಕ ಯಾವುದೇ ಕಾನೂನಿನದಾಗಿರಲಿ, ಮರಣ ನಡೆದ ಕ್ರಮದಲ್ಲಿಯೇ ವಾರಸಾಗಳು ಸಾಗಬೇಕು ಎಂಬುದು ಬದಲಾಗುವುದಿಲ್ಲ.

ಎಲ್ಲ ಮರಣಗಳನ್ನೂ ಒಂದೇ ಅರ್ಜಿಯಲ್ಲಿ ತೋರಿಸಿ, ಅಜ್ಜನ ಹೆಸರಿನಿಂದ ನೇರವಾಗಿ ಇಂದಿನ ವಾರಸುದಾರರಿಗೆ ಖಾತೆ ಮಾಡಿಕೊಡುವಂತೆ ಕುಟುಂಬದವರು ಕೇಳುವುದುಂಟು. ಕಡತ ಒಂದೇ ಆದರೂ, ಟಿಪ್ಪಣಿಯಲ್ಲಿ 2003, 2011, 2016 ಎಂಬ ಮೂರು ಹಂತಗಳನ್ನು ಬೇರೆ ಬೇರೆಯಾಗಿ ಬರೆದು, ಪ್ರತಿ ಹಂತದಲ್ಲಿ ಆಗ ಬದುಕಿದ್ದ ವಾರಸುದಾರರ ಹೆಸರನ್ನು ಹಾಗೂ ಹಿಸ್ಸೆಯನ್ನು ತೋರಿಸಿದ ಬಳಿಕವೇ ಆದೇಶಕ್ಕೆ ಮಂಡಿಸತಕ್ಕದ್ದು. ಹಂತಗಳನ್ನು ಬರೆಯದೆ ಕೊನೆಯ ನಾಲ್ಕು ಹೆಸರುಗಳನ್ನಷ್ಟೇ ಏರಿಸಿದ ಕಡತದಲ್ಲಿ, ಮಗಳಿಗೆ 780 ಚದರ ಅಡಿ ಬಂದುದೋ 720 ಬಂದುದೋ ಎಂಬುದನ್ನು ಮುಂದೆ ಯಾರೂ ಪರಿಶೀಲಿಸಲಾರರು.